ರಾತ್ರಿ ಹತ್ತಕ್ಕೆ ಬಂದು ಬೆಳಗ್ಗೆ ಆರಕ್ಕೆ ಹೋದರೆ ಎಷ್ಟು ಗಂಟೆ?

ರಾತ್ರಿ ಹತ್ತು ಗಂಟೆಗೆ ಕೆಲಸಕ್ಕೆ ಬಂದವರು ಬೆಳಗ್ಗೆ ಆರಕ್ಕೆ ಹೊರಟರು. ಎಷ್ಟು ಗಂಟೆ ಕೆಲಸ ಆಯ್ತು ಅಂತ ಕೇಳಿದರೆ ನೀವೆಲ್ಲ ತಕ್ಷಣ ಎಂಟು ಅಂತೀರಿ. ಅದೇ ಲೆಕ್ಕವನ್ನು ಎಕ್ಸೆಲ್‌ಗೆ ಕೊಡಿ. ಒಂದು ಸೆಲ್‌ನಲ್ಲಿ 22:00, ಪಕ್ಕದ ಸೆಲ್‌ನಲ್ಲಿ 6:00, ಮೂರನೆಯದರಲ್ಲಿ ಎರಡರ ವ್ಯತ್ಯಾಸ. ಉತ್ತರದ ಜಾಗದಲ್ಲಿ ಬರೀ ###### ಬರುತ್ತೆ. ಹಗಲು ಶಿಫ್ಟ್‌ಗೆಲ್ಲ ಸರಿಯಾಗಿ ಕೆಲಸ ಮಾಡಿದ ಫಾರ್ಮುಲಾ ನೈಟ್ ಶಿಫ್ಟ್ ಬಂದ ಕೂಡಲೇ ಕೈಕೊಡುತ್ತೆ.

ಇಲ್ಲಿ ನಿಮ್ಮ ತಲೆ ಏನು ಮಾಡಿತು ಅನ್ನೋದನ್ನ ಸ್ವಲ್ಪ ಗಮನಿಸಿ. ಆರು ಗಂಟೆ ಅಂದಾಗ ಅದು ಮರುದಿನದ ಆರು ಗಂಟೆ ಅಂತ ನೀವೇ ಸೇರಿಸಿಕೊಂಡಿರಿ. ನಾನು ಅದನ್ನು ಹೇಳಿರಲಿಲ್ಲ. ಶೀಟ್‌ಗೂ ಯಾರೂ ಹೇಳಿಲ್ಲ. 22:00 ಅನ್ನೋದು ಗಡಿಯಾರದ ಮೇಲಿನ ಒಂದು ಜಾಗ ಅಷ್ಟೇ. ಅದು ಯಾವ ದಿನದ್ದು ಅಂತ ಆ ಅಂಕಿಯಲ್ಲಿ ಎಲ್ಲೂ ಇಲ್ಲ. ಹಗಲು ಶಿಫ್ಟ್‌ನಲ್ಲಿ ಬರೋದೂ ಹೋಗೋದೂ ಒಂದೇ ತಾರೀಖಿನಲ್ಲಿ ಇರೋದರಿಂದ ದಿನ ಬರೆಯದಿದ್ದರೂ ನಡೆಯುತ್ತೆ, ಎರಡೂ ಕಡೆ ಒಂದೇ ದಿನ ಇದ್ದು ಕಳೆಯುವಾಗ ಅದು ಹೊರಟು ಹೋಗುತ್ತೆ. ನೈಟ್ ಶಿಫ್ಟ್‌ನಲ್ಲಿ ತಾರೀಖು ಬದಲಾಗುತ್ತೆ, ಆ ಒಂದು ದಿನ ಲೆಕ್ಕದಿಂದ ಬಿಟ್ಟು ಹೋಗುತ್ತೆ. ಇವತ್ತು ಹೇಳಬೇಕಾದದ್ದೆಲ್ಲ ಆ ಬಿಟ್ಟುಹೋದ ದಿನದ ಬಗ್ಗೆಯೇ. ಅದನ್ನು ಊಹೆ ಮಾಡಿ ತುಂಬಬಹುದು, ಇಲ್ಲಾ ಬರೆದೇ ಇಡಬಹುದು. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಮೊದಲು ಕೈಲೆಕ್ಕ ನೋಡೋಣ, ಯಾಕಂದ್ರೆ ಶೀಟ್ ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ನೋಡೋಕೆ ಅದೇ ಬೇಕು. ಒಬ್ಬರು 22:40ಕ್ಕೆ ಪಂಚ್ ಮಾಡಿ ಒಳಗೆ ಬಂದರು, ಬೆಳಗ್ಗೆ 6:25ಕ್ಕೆ ಹೊರಗೆ ಹೋದರು. ನಡುರಾತ್ರಿಯಲ್ಲಿ ಶಿಫ್ಟ್ ಅನ್ನು ಎರಡು ತುಂಡು ಮಾಡಿ. 22:40ರಿಂದ ಹನ್ನೆರಡಕ್ಕೆ 1 ಗಂಟೆ 20 ನಿಮಿಷ. ಹನ್ನೆರಡರಿಂದ 6:25ಕ್ಕೆ 6 ಗಂಟೆ 25 ನಿಮಿಷ, ಇದನ್ನು ಲೆಕ್ಕ ಹಾಕಬೇಕಾಗಿಯೂ ಇಲ್ಲ, ಗಡಿಯಾರವೇ ಹೇಳುತ್ತೆ. ಎರಡೂ ಕೂಡಿದರೆ 7 ಗಂಟೆ 45 ನಿಮಿಷ. ನೈಟ್ ಶಿಫ್ಟ್‌ಗೆ ಇದಕ್ಕಿಂತ ಸುಲಭದ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ದಾರಿ, ಹೊರಗೆ ಹೋದ ಸಮಯಕ್ಕೆ 24 ಸೇರಿಸೋದು. 6:25 ಈಗ 30:25 ಆಯ್ತು. ಅದರಿಂದ 22:40 ಕಳೆಯಿರಿ. 25ರಲ್ಲಿ 40 ಹೋಗಲ್ಲ, ಒಂದು ಗಂಟೆ ಸಾಲ ತಗೊಳ್ಳಿ, ಅಂದ್ರೆ 60 ನಿಮಿಷ. 85ರಲ್ಲಿ 40 ಹೋದರೆ 45. 29ರಲ್ಲಿ 22 ಹೋದರೆ 7. ಮತ್ತೆ ಅದೇ 7:45. ಇಲ್ಲಿ ತಪ್ಪೋದು ಎಲ್ಲಿ ಅಂದ್ರೆ ಕ್ಯಾಲ್ಕುಲೇಟರ್ ಹಿಡಿದಾಗ. 30.25 ಅಂತ ಒತ್ತಿ 22.40 ಕಳೆದರೆ 7.85 ಬರುತ್ತೆ. ಕ್ಯಾಲ್ಕುಲೇಟರ್ 100 ಸಾಲ ತಗೊಂಡಿದೆ, ಗಂಟೆಗೆ ಇರೋದು 60 ನಿಮಿಷ. ನಿಮಿಷದ ಜಾಗದಲ್ಲಿ 60ಕ್ಕಿಂತ ದೊಡ್ಡ ಅಂಕಿ ಕಂಡರೆ ತಪ್ಪು ಅಂತ ಗೊತ್ತಾಗುತ್ತೆ. ಆದರೆ ಪ್ರತಿ ಸಲ ಅಷ್ಟು ದೊಡ್ಡದೇ ಬರಬೇಕು ಅಂತಿಲ್ಲ. 30.10ರಲ್ಲಿ 22.55 ಕಳೆದರೆ 7.55 ಬರುತ್ತೆ, ನೋಡೋಕೆ 7 ಗಂಟೆ 55 ನಿಮಿಷದ ಹಾಗೇ ಇರುತ್ತೆ, ನಿಜವಾದ ಉತ್ತರ 7 ಗಂಟೆ 15 ನಿಮಿಷ. ನಲವತ್ತು ನಿಮಿಷದ ತಪ್ಪು, ನೋಡಿದರೆ ಗೊತ್ತೇ ಆಗಲ್ಲ.

30:25 ಅನ್ನೋ ಸಮಯ ವಿಚಿತ್ರ ಅನಿಸಬಹುದು. ಆದರೆ ಇದನ್ನು ದಿನವೂ ಬಳಸುವವರು ಇದ್ದಾರೆ. ಬಸ್ಸು ರೈಲುಗಳ ವೇಳಾಪಟ್ಟಿಯನ್ನು ಕಂಪ್ಯೂಟರ್‌ಗಳ ನಡುವೆ ಹಂಚಿಕೊಳ್ಳೋಕೆ ಜಿಟಿಎಫ್‌ಎಸ್ ಅಂತ ಒಂದು ರೂಪ ಇದೆ. ಅದರಲ್ಲಿ ರಾತ್ರಿ 23:50ಕ್ಕೆ ಹೊರಟ ಬಸ್ಸು ಒಂದೂವರೆಗೆ ತಲುಪಿದರೆ 25:30:00 ಅಂತಲೇ ಬರೀತಾರೆ. ಬಸ್ಸು ಹೊರಟದ್ದು ಯಾವ ದಿನದ ಪಟ್ಟಿಯಲ್ಲೋ ಅದೇ ದಿನದ ಪಟ್ಟಿಯಲ್ಲಿ ಮುಗೀಬೇಕು ಅನ್ನೋದು ಅವರ ಲೆಕ್ಕ. ಶಿಫ್ಟ್ ಅನ್ನೂ ಹಾಗೇ ನೋಡಬಹುದು ಅಲ್ವಾ? ಈ ಮಾತು ಮುಂದೆ ಬೇಕಾಗುತ್ತೆ.

ಈಗ ಶೀಟ್‌ಗೆ ಬರೋಣ. ಆ ###### ಯಾಕೆ ಬಂತು? ಎಕ್ಸೆಲ್ ಒಳಗೆ ಒಂದು ದಿನ ಅಂದ್ರೆ 1. ಸಮಯ ಅಂದ್ರೆ ಆ ಒಂದರ ಒಂದು ಭಾಗ. ಬೆಳಗ್ಗೆ 6 ಅಂದ್ರೆ ದಿನದ ಕಾಲು ಭಾಗ, 0.25. ಮಧ್ಯಾಹ್ನ 12 ಅಂದ್ರೆ 0.5. ರಾತ್ರಿ 10 ಅಂದ್ರೆ 0.9167ರ ಹತ್ತಿರ. 0.25ರಲ್ಲಿ 0.9167 ಕಳೆದರೆ ಮೈನಸ್ 0.6667, ಅಂದ್ರೆ ಮೈನಸ್ 16 ಗಂಟೆ. ಎಕ್ಸೆಲ್‌ನ ಮಾಮೂಲಿ ತಾರೀಖು ವ್ಯವಸ್ಥೆ ಮೈನಸ್ ಸಮಯವನ್ನು ತೋರಿಸಲ್ಲ, ಅದಕ್ಕೆ ಸೆಲ್ ತುಂಬಾ ಈ ಗುರುತು ಹಾಕುತ್ತೆ. ಕಾಲಂ ಸಣ್ಣದಾದಾಗ ಬರುವ ಗುರುತೂ ಇದೇ ಆದ್ದರಿಂದ ಎಷ್ಟೋ ಜನ ಕಾಲಂ ಎಳೆದು ಎಳೆದು ಅಗಲ ಮಾಡ್ತಾರೆ. ಎಷ್ಟು ಎಳೆದರೂ ಗುರುತೂ ಜೊತೆಗೇ ಉದ್ದ ಆಗುತ್ತೆ. ಹಾಗಾದರೆ ಅದು ಮೈನಸ್ ಸಮಯ ಅಂತ ಖಾತ್ರಿ.

ಇಲ್ಲಿ ಎರಡು ತಪ್ಪು ಮದ್ದು ಬಹಳ ಓಡಾಡುತ್ತವೆ. ಒಂದು, ಸೆಟ್ಟಿಂಗ್ಸ್‌ಗೆ ಹೋಗಿ 1904ರ ತಾರೀಖು ವ್ಯವಸ್ಥೆ ಆನ್ ಮಾಡೋದು. ಆಗ ಮೈನಸ್ ಸಮಯ ಕಾಣುತ್ತೆ, ನಿಜ. ಆದರೆ ಕಾಣೋದು ಮೈನಸ್ 16 ಗಂಟೆ, ನಿಮಗೆ ಬೇಕಾದ ಎಂಟಲ್ಲ. ಜೊತೆಗೆ ಆ ಫೈಲ್‌ನಲ್ಲಿ ಆಗಲೇ ಇದ್ದ ತಾರೀಖುಗಳೆಲ್ಲ 1462 ದಿನ, ಅಂದ್ರೆ ನಾಲ್ಕು ವರ್ಷ ಒಂದು ದಿನ, ಮುಂದಕ್ಕೆ ಹಾರುತ್ತವೆ. ಇನ್ನೊಂದು ಮದ್ದು ABS ಹಾಕಿ ಮೈನಸ್ ತೆಗೆಯೋದು. ಇದು ಇನ್ನೂ ಅಪಾಯ. ಮೈನಸ್ 16 ಈಗ 16:00 ಆಗಿ ಚೆಂದ ಕಾಣುತ್ತೆ. ಆ 16 ಗಂಟೆ ಏನು ಗೊತ್ತಾ? ಅವರು ಕೆಲಸದಲ್ಲಿ ಇಲ್ಲದ ಹೊತ್ತು. 24ರಲ್ಲಿ 8 ಹೋದರೆ ಉಳಿಯೋದು. ಹನ್ನೆರಡು ಗಂಟೆಯ ಶಿಫ್ಟ್ ಆದರೆ ಎರಡೂ ಒಂದೇ ಬರುತ್ತೆ, 20:00ರಿಂದ 8:00ಕ್ಕೆ ABS ಹಾಕಿದರೂ 12, ಸರಿಯಾಗಿ ಮಾಡಿದರೂ 12. ಅಂಥ ಒಂದು ಸಾಲಿನಲ್ಲಿ ಪರೀಕ್ಷೆ ಮಾಡಿ ಫಾರ್ಮುಲಾ ಸರಿ ಇದೆ ಅಂತ ತೀರ್ಮಾನ ಮಾಡಿದರೆ ಮುಗೀತು.

ಸರಿಯಾದ ಚಿಕ್ಕ ಮದ್ದು ಇದು. A2ನಲ್ಲಿ ಬಂದ ಸಮಯ, B2ನಲ್ಲಿ ಹೋದ ಸಮಯ ಇದ್ದರೆ:

```
=MOD(B2-A2,1)
```

MOD ಅಂದ್ರೆ ಭಾಗಿಸಿದ ಮೇಲೆ ಉಳಿಯುವ ಶೇಷ. ಒಂದರಿಂದ ಭಾಗಿಸಿದಾಗ ಎಕ್ಸೆಲ್‌ನಲ್ಲಿ ಈ ಶೇಷ ಯಾವತ್ತೂ ಸೊನ್ನೆಯಿಂದ ಒಂದರ ಒಳಗೇ ಇರುತ್ತೆ. ಮೈನಸ್ 0.6667 ಬಂದರೆ ಅದಕ್ಕೆ ಒಂದು ಪೂರ್ತಿ ದಿನ ಸೇರಿಸಿ 0.3333 ಮಾಡುತ್ತೆ, ಅಂದ್ರೆ 8 ಗಂಟೆ. ಹಗಲು ಶಿಫ್ಟ್‌ನಲ್ಲಿ ವ್ಯತ್ಯಾಸ ಪ್ಲಸ್ ಆಗಿಯೇ ಇರೋದರಿಂದ ಅದನ್ನು ಮುಟ್ಟಲ್ಲ. ಹಗಲು ರಾತ್ರಿ ಎರಡಕ್ಕೂ ಒಂದೇ ಫಾರ್ಮುಲಾ ಸಾಕು. ಹೋದ ಸಮಯ ಬಂದ ಸಮಯಕ್ಕಿಂತ ಚಿಕ್ಕದಾದರೆ ಒಂದು ದಿನ ಸೇರಿಸು ಅಂತ IF ಹಾಕಿ ಬರೆದರೂ ಇದೇ ಆಗುತ್ತೆ.

ನಿಮ್ಮಲ್ಲಿ ಪ್ರೋಗ್ರಾಂ ಬರೆಯುವವರು ಇದ್ದರೆ ಒಂದು ಮಾತು. ಇದೇ ಉಪಾಯವನ್ನು ನಿಮಿಷದಲ್ಲಿ ಮಾಡ್ತೀರಿ, ದಿನಕ್ಕೆ 1440 ನಿಮಿಷ. 6:00 ಅಂದ್ರೆ 360, 22:00 ಅಂದ್ರೆ 1320, ವ್ಯತ್ಯಾಸ ಮೈನಸ್ 960. ಪೈಥಾನ್‌ನಲ್ಲಿ ಇದಕ್ಕೆ 1440ರ ಶೇಷ ತೆಗೆದರೆ 480 ಬರುತ್ತೆ, ಎಂಟು ಗಂಟೆ. ಜಾವಾಸ್ಕ್ರಿಪ್ಟ್, ಜಾವಾ, ಸಿ ಭಾಷೆಗಳಲ್ಲಿ ಅದೇ ಗುರುತು ಮೈನಸ್ 960 ಅನ್ನೇ ವಾಪಸ್ ಕೊಡುತ್ತೆ. ಅಲ್ಲಿ ಒಮ್ಮೆ 1440 ಸೇರಿಸಿ ಮತ್ತೆ ಶೇಷ ತೆಗೀಬೇಕು:

```
((end - start) % 1440 + 1440) % 1440
```

ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವಾಗ ಇದು ತಪ್ಪಿಹೋಗುತ್ತೆ. ಹಗಲು ಶಿಫ್ಟ್ ಹಾಕಿ ನೋಡಿದರೆ ಸಿಕ್ಕಿಬೀಳಲ್ಲ.

ಸಾಮಾನ್ಯವಾಗಿ ಜನ ಇಲ್ಲಿಗೆ ನಿಲ್ಲಿಸ್ತಾರೆ. MOD ಸಿಕ್ತು, ಸಮಸ್ಯೆ ಮುಗೀತು. ನನಗೆ ಅದು ಸಾಲದು ಅನಿಸುತ್ತೆ. MOD ಏನು ಮಾಡ್ತಿದೆ ನೋಡಿ, ಬಿಟ್ಟುಹೋದ ದಿನವನ್ನು ಊಹೆ ಮಾಡಿ ತುಂಬ್ತಿದೆ. ಶಿಫ್ಟ್ 24 ಗಂಟೆಗಿಂತ ಕಡಿಮೆ, ಬರೆದ ಎರಡೂ ಸಮಯ ಸರಿ, ಇವೆರಡೂ ನಿಜ ಅಂತ ನಂಬಿಕೊಂಡು ಉತ್ತರ ಕೊಡುತ್ತೆ. ನಂಬಿಕೆ ಸುಳ್ಳಾದಾಗ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತೆ.

ಉದಾಹರಣೆಗೆ ಒಬ್ಬರು ಹಗಲಲ್ಲಿ 9:00ಕ್ಕೆ ಬಂದು 17:00ಕ್ಕೆ ಹೋದರು, ಬರೆಯುವಾಗ ಎರಡೂ ಅದಲುಬದಲಾಯಿತು. ಬಂದದ್ದು 17:00, ಹೋದದ್ದು 9:00. ಬರೀ ಕಳೆಯುವ ಫಾರ್ಮುಲಾ ಇದ್ದಿದ್ದರೆ ###### ಬಂದು ನಿಮ್ಮನ್ನು ನಿಲ್ಲಿಸುತ್ತಿತ್ತು. MOD ಆರಾಮವಾಗಿ 16:00 ಅಂತ ಕೊಡುತ್ತೆ. ಸಂಬಳದ ಪಟ್ಟಿಯಲ್ಲಿ ಎಂಟು ಗಂಟೆ ಓಟಿ ಸೇರುತ್ತೆ. ಇನ್ನೊಂದು, ಒಬ್ಬರು ಬೆಳಗ್ಗೆ 8:00ಕ್ಕೆ ಬಂದು ಮರುದಿನ ಬೆಳಗ್ಗೆ 8:00ಕ್ಕೆ ಹೋದರು. ಆಸ್ಪತ್ರೆ, ಅಗ್ನಿಶಾಮಕ ದಳದಂಥ ಕಡೆ 24 ಗಂಟೆಯ ಡ್ಯೂಟಿ ಇರುತ್ತಲ್ಲ. MOD ಕೊಡುವ ಉತ್ತರ ಸೊನ್ನೆ. ಪೂರ್ತಿ ಒಂದು ದಿನ ದುಡಿದವರಿಗೆ ಸೊನ್ನೆ ಗಂಟೆ. 26 ಗಂಟೆ ಇದ್ದವರಿಗೆ ಎರಡು ಗಂಟೆ.

ಎಲ್ಲಕ್ಕಿಂತ ಜಾಸ್ತಿ ಸಿಗುವ ತಪ್ಪು ಎಎಂ ಪಿಎಂ ತಪ್ಪು. ಸಂಜೆ 4ಕ್ಕೆ ಬಂದವರು ರಾತ್ರಿ ಹನ್ನೆರಡೂವರೆಗೆ ಹೋದರು. ಎಂಟೂವರೆ ಗಂಟೆ. ಬರೆಯುವವರು 12:30 ಅಂತ ಒತ್ತುತ್ತಾರೆ. ಶೀಟ್‌ಗೆ 12:30 ಅಂದ್ರೆ ಮಧ್ಯಾಹ್ನ. ರಾತ್ರಿಯದ್ದಾದರೆ 0:30 ಅಂತ ಇರಬೇಕಿತ್ತು. MOD ಪ್ರಕಾರ ಇವರು ಮರುದಿನ ಮಧ್ಯಾಹ್ನದ ತನಕ ಇದ್ದರು, 20 ಗಂಟೆ 30 ನಿಮಿಷ. ಹಾಗೇ 22:00ರ ಬದಲು 10:00 ಅಂತ ಬಿದ್ದರೆ ಬೆಳಗ್ಗೆ 6ರ ತನಕ 20 ಗಂಟೆ ಆಗುತ್ತೆ. ಇದರ ಗುರುತು ಸುಲಭ, ತಪ್ಪು ಉತ್ತರಕ್ಕೂ ಸರಿ ಉತ್ತರಕ್ಕೂ ಸರಿಯಾಗಿ 12 ಗಂಟೆ ಅಂತರ ಇರುತ್ತೆ. ಆದ್ದರಿಂದ MOD ಬಳಸಲೇಬೇಕು ಅಂದ್ರೆ ಪಕ್ಕದಲ್ಲಿ ಒಂದು ಕಾವಲು ಇಡಿ. ನಿಮ್ಮಲ್ಲಿ ಯಾರೂ 14 ಗಂಟೆ ಮೀರಿ ಕೆಲಸ ಮಾಡಲ್ಲ ಅಂತಾದರೆ:

```
=IF(MOD(B2-A2,1)>14/24,"ನೋಡಿ","")
```

ಆ 14 ನಿಮ್ಮ ಜಾಗಕ್ಕೆ ತಕ್ಕಂತೆ ಬದಲಾಯಿಸಿ. ಸೊನ್ನೆ ಬಂದ ಸಾಲನ್ನೂ ಕಣ್ಣಿಟ್ಟು ನೋಡಿ.

ಆದರೆ ನನ್ನನ್ನು ಕೇಳಿದರೆ, ತಾರೀಖು ಬರೆದುಬಿಡಿ. ಬಂದದ್ದಕ್ಕೂ ತಾರೀಖು, ಹೋದದ್ದಕ್ಕೂ ತಾರೀಖು, ಸಮಯದ ಜೊತೆ ಒಂದೇ ಸೆಲ್‌ನಲ್ಲಿ. ನಮ್ಮ 22:40ರ ಉದಾಹರಣೆಯನ್ನೇ ತಿಂಗಳ ಕೊನೆಗೆ ಇಟ್ಟು ನೋಡೋಣ. 2025ರ ಜನವರಿ 31, ರಾತ್ರಿ 22:40. ಫೆಬ್ರವರಿ 1, ಬೆಳಗ್ಗೆ 6:25. ಎಕ್ಸೆಲ್ ಒಳಗೆ ಜನವರಿ 31 ಅಂದ್ರೆ 45688ನೇ ದಿನ, ಸಮಯ ಸೇರಿ 45688.9444. ಹೋದದ್ದು 45689.2674. ದೊಡ್ಡದರಲ್ಲಿ ಚಿಕ್ಕದು ಕಳೆದರೆ 0.3229, ಅದನ್ನು 24ರಿಂದ ಗುಣಿಸಿದರೆ 7.75, ಅಂದ್ರೆ 7 ಗಂಟೆ 45 ನಿಮಿಷ. ತಿಂಗಳು ಬದಲಾದದ್ದು ಶೀಟ್‌ಗೆ ಲೆಕ್ಕಕ್ಕೇ ಬರಲಿಲ್ಲ, ವರ್ಷ ಬದಲಾದರೂ ಬರಲ್ಲ. MOD ಬೇಕಿಲ್ಲ, IF ಬೇಕಿಲ್ಲ, ಸುಮ್ನೆ ಕಳೆದರೆ ಸಾಕು. 24 ಗಂಟೆಯ ಡ್ಯೂಟಿಗೆ 24 ಬರುತ್ತೆ, 26ಕ್ಕೆ 26. ಮತ್ತೆ ಈಗ ಕಾಲಂ ಅಗಲ ಮಾಡಿದರೂ ಎಲ್ಲಾದರೂ ###### ಉಳಿಯಿತು ಅಂದ್ರೆ ಅದಕ್ಕೆ ಒಂದೇ ಅರ್ಥ, ಯಾರೋ ತಪ್ಪು ಬರೆದಿದ್ದಾರೆ. ಕಾಟ ಕೊಡುತ್ತಿದ್ದ ಗುರುತು ಈಗ ನಿಮ್ಮ ಪರವಾಗಿ ಕೆಲಸ ಮಾಡುತ್ತೆ.

ತಾರೀಖು ಬರೆಯುವಾಗ ಒಂದು ಗುಂಡಿ ಇದೆ. ಸರಿಯಾಗಿ ರಾತ್ರಿ ಹನ್ನೆರಡಕ್ಕೆ ಶುರುವಾಗುವ ಶಿಫ್ಟ್. ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಬನ್ನಿ ಅಂದರೆ ಗುರುವಾರ ಮುಗಿದು ಶುಕ್ರವಾರ ಶುರುವಾಗುವ ಹೊತ್ತಾ, ಶುಕ್ರವಾರ ಮುಗಿಯುವ ಹೊತ್ತಾ? ಮಾತಾಡುವಾಗ ನಾವು ಎರಡನೆಯದನ್ನು ಅಂದುಕೊಳ್ತೀವಿ. ಶೀಟ್‌ನಲ್ಲಿ ಶುಕ್ರವಾರ 0:00 ಅಂದ್ರೆ ಮೊದಲನೆಯದು. ಪೂರಾ 24 ಗಂಟೆ ವ್ಯತ್ಯಾಸ. ಡ್ಯೂಟಿ ಪಟ್ಟಿ ಮಾಡುವವರು 23:59 ಇಲ್ಲಾ 0:01 ಅಂತ ಬರೆಯೋದು ಇದಕ್ಕೇ. ಒಂದು ನಿಮಿಷ ಆಚೀಚೆ ಆದರೂ ಯಾರೂ ತಪ್ಪು ದಿನ ಬಂದು ನಿಲ್ಲಲ್ಲ.

ಈಗ ಒಂದು ವಾರ ಪೂರ್ತಿ ಲೆಕ್ಕ ಹಾಕೋಣ. ಐದು ರಾತ್ರಿ, ಪ್ರತಿ ರಾತ್ರಿ ಅರ್ಧ ಗಂಟೆ ಸಂಬಳವಿಲ್ಲದ ವಿರಾಮ. ಸೋಮವಾರ ಅದೇ 22:40ರಿಂದ 6:25, ವಿರಾಮ ಕಳೆದು 7:15. ಮಂಗಳವಾರ 22:00ರಿಂದ 6:00, ಕಳೆದು 7:30. ಬುಧವಾರ 21:55ರಿಂದ 6:35, 8:40 ಆಯ್ತು, ಕಳೆದು 8:10. ಗುರುವಾರ 22:15ರಿಂದ 6:10, ಕಳೆದು 7:25. ಶುಕ್ರವಾರ 22:00ರಿಂದ ಬೆಳಗ್ಗೆ 7:20, 9:20 ಆಯ್ತು, ಕಳೆದು 8:50. ಗಂಟೆಗಳನ್ನು ಬೇರೆ, ನಿಮಿಷಗಳನ್ನು ಬೇರೆ ಕೂಡಿ. ಗಂಟೆ 7, 7, 8, 7, 8, ಒಟ್ಟು 37. ನಿಮಿಷ 15, 30, 10, 25, 50, ಒಟ್ಟು 130, ಅಂದ್ರೆ 2 ಗಂಟೆ 10 ನಿಮಿಷ. ಒಟ್ಟು 39 ಗಂಟೆ 10 ನಿಮಿಷ.

ಶೀಟ್‌ನಲ್ಲಿ SUM ಹಾಕಿದರೆ 15:10 ಅಂತ ಕಾಣುತ್ತೆ. ಗಾಬರಿ ಬೇಡ, ಒಳಗಿನ ಅಂಕಿ ಸರಿ ಇದೆ, ತೋರಿಸುವ ರೀತಿ ಮಾತ್ರ ತಪ್ಪು. hh:mm ಅನ್ನೋ ಫಾರ್ಮ್ಯಾಟ್ ಗಡಿಯಾರದ ಹಾಗೆ, 24 ಆದ ಕೂಡಲೇ ಸೊನ್ನೆಗೆ ತಿರುಗುತ್ತೆ. 39:10ರಲ್ಲಿ ಒಂದು ದಿನ ನುಂಗಿ 15:10 ತೋರಿಸಿದೆ. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಹೀಗೆ ಬರೆಯಿರಿ:

```
[h]:mm
```

ಆ ಚೌಕ ಕಂಸ ಇದ್ದರೆ ಗಂಟೆ ತಿರುಗದೆ ಮುಂದಕ್ಕೆ ಎಣಿಸುತ್ತೆ, 39:10 ಕಾಣುತ್ತೆ. ಒಟ್ಟು ಗಂಟೆ ಒಬ್ಬ ಮನುಷ್ಯನ ವಾರಕ್ಕೆ ತೀರಾ ಕಡಿಮೆ ಅನಿಸಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಮುಂದಿನ ಹೆಜ್ಜೆ ಸಂಬಳಕ್ಕೆ ಗುಣಿಸೋದು. 39:10 ಇರುವ ಸೆಲ್ ಅನ್ನು ನೇರವಾಗಿ ಗಂಟೆಯ ದರದಿಂದ ಗುಣಿಸಬೇಡಿ. ಆ ಸೆಲ್ ಒಳಗಿರೋದು ದಿನಗಳು, 1.6319 ದಿನ. ಹಾಗೇ ಗುಣಿಸಿದರೆ ಬರಬೇಕಾದ ದುಡ್ಡಿನ 24ರಲ್ಲಿ ಒಂದು ಪಾಲು ಬರುತ್ತೆ. ಮೊದಲು 24ರಿಂದ ಗುಣಿಸಿ, 39.1667 ಗಂಟೆ ಆಗುತ್ತೆ, ಆಮೇಲೆ ದರ. ಇನ್ನು 39:10 ಅನ್ನು ನೋಡಿ ಕೈಯಲ್ಲಿ 39.10 ಅಂತ ಬರೆದುಕೊಂಡರೆ? 39.10 ಗಂಟೆ ಅಂದ್ರೆ 39 ಗಂಟೆ 6 ನಿಮಿಷ, ದುಡಿದವರ ನಾಲ್ಕು ನಿಮಿಷ ಹೋಯ್ತು. ಹಾಗೇ 7 ಗಂಟೆ 45 ನಿಮಿಷದ ಕೆಲಸವನ್ನು 7.45 ಅಂತ ಬರೆದರೆ 18 ನಿಮಿಷ ಹೋಗುತ್ತೆ, ಯಾಕಂದ್ರೆ ಸರಿಯಾದದ್ದು 7.75. ಈ ತಪ್ಪು ಯಾವಾಗಲೂ ದುಡಿದವರಿಗೇ ನಷ್ಟ, ನಿಮಿಷವನ್ನು 60ರಿಂದ ಭಾಗಿಸುವ ಕಡೆ 100ರಿಂದ ಭಾಗಿಸಿದರೆ ಚಿಕ್ಕದೇ ಬರುತ್ತೆ. ಇದು ನನ್ನನ್ನು ನಿಜವಾಗಿಯೂ ಕಾಡುವ ವಿಷಯ. ದುಡ್ಡು ಕಡಿಮೆ ಬಂದವರಿಗೆ ತಪ್ಪು ಎಲ್ಲಿ ಅಂತ ತೋರಿಸೋಕೂ ಆಗಲ್ಲ, ಚೀಟಿಯಲ್ಲಿ 7.45 ಅಂತಲೇ ಇದೆ, ಅವರು ದುಡಿದದ್ದೂ ಏಳು ನಲವತ್ತೈದೇ.

ಓಟಿ ಲೆಕ್ಕದಲ್ಲಿ ಒಂದು ಸಣ್ಣ ಕಾಟ ಇದೆ, ಬೇಗ ಹೇಳಿ ಮುಗಿಸ್ತೀನಿ. ದಿನದ ಮೂರನೇ ಒಂದು ಭಾಗವನ್ನು ಕಂಪ್ಯೂಟರ್ ಪೂರ್ತಿ ನಿಖರವಾಗಿ ಇಟ್ಟುಕೊಳ್ಳೋಕೆ ಆಗಲ್ಲ. ಹಾಗಾಗಿ 8:00 ಅಂತ ಕಾಣುವ ಸೆಲ್ ಒಳಗೆ ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ ಇರಬಹುದು, ಎಂಟಕ್ಕಿಂತ ಜಾಸ್ತಿಯಾ ಅಂತ ಕೇಳಿದರೆ ಹೌದು ಅನ್ನಬಹುದು. ಹೋಲಿಸುವ ಮೊದಲು ನಿಮಿಷಕ್ಕೆ ತಂದು ಪೂರ್ಣಾಂಕ ಮಾಡಿಕೊಳ್ಳಿ, ಆಮೇಲೆ 480ರ ಜೊತೆ ಹೋಲಿಸಿ:

```
=ROUND((B2-A2)*1440,0)
```

ಇಷ್ಟರವರೆಗೆ ಎಷ್ಟು ಗಂಟೆ ಅಂತ ಕೇಳಿದೆವು. ಇನ್ನೊಂದು ಪ್ರಶ್ನೆ ಇದೆ, ಆ ಗಂಟೆಗಳು ಯಾವ ತಾರೀಖಿನವು? ಇಲ್ಲಿ ಶುಕ್ರವಾರದ ಶಿಫ್ಟ್ ತಗೊಳ್ಳಿ, ರಾತ್ರಿ 22:00ರಿಂದ ಶನಿವಾರ ಬೆಳಗ್ಗೆ 7:20. ಕ್ಯಾಲೆಂಡರ್ ಪ್ರಕಾರ ಶುಕ್ರವಾರಕ್ಕೆ 2 ಗಂಟೆ, ಶನಿವಾರಕ್ಕೆ 7 ಗಂಟೆ 20 ನಿಮಿಷ. ವಿರಾಮ ಎಲ್ಲಿ ಕಳೀಬೇಕು? ಅದು ಯಾವಾಗ ಆಯ್ತು ಅನ್ನೋದರ ಮೇಲೆ. ರಾತ್ರಿ ಎರಡಕ್ಕೆ ತಗೊಂಡಿದ್ದರೆ ಪೂರ್ತಿ ಶನಿವಾರದಿಂದ ಕಳೆದು 2:00 ಮತ್ತು 6:50. 23:45ರಿಂದ 0:15ರ ತನಕ ತಗೊಂಡಿದ್ದರೆ ಎರಡೂ ಕಡೆ ಹದಿನೈದು ಹದಿನೈದು ನಿಮಿಷ, 1:45 ಮತ್ತು 7:05. ಒಟ್ಟು ಎರಡರಲ್ಲೂ 8:50. ಒಟ್ಟು ಸರಿ ಇದ್ದ ಮಾತ್ರಕ್ಕೆ ಹಂಚಿಕೆ ಸರಿ ಅಂತ ಅಲ್ಲ. ಅಂದ ಹಾಗೆ, ಈ ವಿರಾಮವೂ ನಡುರಾತ್ರಿ ದಾಟಿದೆ ನೋಡಿ. ವಿರಾಮದ ಶುರು, ಕೊನೆ ಬರೆದು ಕಳೆಯುವ ಶೀಟ್ ಇದ್ದರೆ ಅಲ್ಲೂ ತಾರೀಖು ಬೇಕು. ಎಷ್ಟೋ ಶೀಟ್‌ಗಳಲ್ಲಿ ಶಿಫ್ಟ್‌ಗೆ ಮದ್ದು ಹಾಕಿ ವಿರಾಮವನ್ನು ಮರೆತಿರ್ತಾರೆ.

ಹಂಚೋಕೆ ಒಂದು ಫಾರ್ಮುಲಾ ಸಾಕು. D1ರಲ್ಲಿ ಬರೀ ತಾರೀಖು ಇಡಿ, A2, B2ನಲ್ಲಿ ತಾರೀಖು ಸಮೇತ ಬಂದದ್ದು, ಹೋದದ್ದು:

```
=MAX(0,MIN($B2,D$1+1)-MAX($A2,D$1))
```

ಇದು ಹೇಳೋದು ಇಷ್ಟೇ, ಶಿಫ್ಟ್ ಮತ್ತು ಆ ದಿನ ಎರಡೂ ಒಟ್ಟಿಗೆ ಇರುವ ಹೊತ್ತು ಎಷ್ಟು. ಶುರು ಆದದ್ದರಲ್ಲಿ ತಡವಾದದ್ದನ್ನು ತಗೋ, ಮುಗಿದದ್ದರಲ್ಲಿ ಬೇಗ ಮುಗಿದದ್ದನ್ನು ತಗೋ, ಕಳೆ, ಮೈನಸ್ ಬಂದರೆ ಸೊನ್ನೆ ಅನ್ನು. E1, F1ರಲ್ಲಿ ಮುಂದಿನ ತಾರೀಖುಗಳನ್ನಿಟ್ಟು ಎಳೆದರೆ ಪ್ರತಿ ದಿನದ ಪಾಲು ಬರುತ್ತೆ. ರಾತ್ರಿ ಭತ್ಯೆ ರಾತ್ರಿ 10ರಿಂದ ಬೆಳಗ್ಗೆ 6ರ ನಡುವಿನ ಕೆಲಸಕ್ಕೆ ಮಾತ್ರ ಅಂತ ಇದ್ದರೂ ಇದೇ ಫಾರ್ಮುಲಾ. ದಿನದ ಎರಡು ತುದಿಗಳ ಬದಲು ಆ ಎರಡು ಸಮಯಗಳನ್ನು ತಾರೀಖು ಸಮೇತ ಹಾಕಿ. ಶುಕ್ರವಾರದ ಶಿಫ್ಟ್‌ಗೆ 8 ಗಂಟೆ ಬರುತ್ತೆ, 6ರಿಂದ 7:20ರ ತನಕದ್ದು ಹೊರಗೆ ಉಳಿಯುತ್ತೆ.

ಆದರೆ ಹಂಚಲೇಬೇಕಾ? ಬಸ್ಸಿನ ವೇಳಾಪಟ್ಟಿಯವರ ಹಾಗೆ, ಶಿಫ್ಟ್ ಯಾವ ತಾರೀಖಿನಲ್ಲಿ ಶುರುವಾಯ್ತೋ ಪೂರ್ತಿ ಆ ತಾರೀಖಿಗೇ ಸೇರಿಸೋದು ಇನ್ನೊಂದು ಪದ್ಧತಿ, ಹಾಜರಿ ನೋಡಿಕೊಳ್ಳೋಕೆ ಇದೇ ಸುಲಭ, ಐದು ರಾತ್ರಿಗೆ ಐದು ಸಾಲು. ಎರಡರ ವ್ಯತ್ಯಾಸ ತಿಳಿಯೋದು ದರ ಬದಲಾಗುವ ದಿನ. ಶನಿವಾರ ರಜೆ, ಆವತ್ತು ದುಡಿದರೆ ಎರಡರಷ್ಟು ದರ ಅಂತಿಟ್ಟುಕೊಳ್ಳಿ. ಕ್ಯಾಲೆಂಡರ್ ಪದ್ಧತಿಯಲ್ಲಿ ಶುಕ್ರವಾರ ರಾತ್ರಿ ಬಂದು ಎರಡಕ್ಕೆ ವಿರಾಮ ತಗೊಂಡವರಿಗೆ 6 ಗಂಟೆ 50 ನಿಮಿಷಕ್ಕೆ ಎರಡರಷ್ಟು ಸಿಗುತ್ತೆ. ಶುರುವಾದ ದಿನದ ಪದ್ಧತಿಯಲ್ಲಿ ಒಂದು ನಿಮಿಷಕ್ಕೂ ಇಲ್ಲ, ಅದು ಶನಿವಾರ ರಾತ್ರಿ ಬಂದವರಿಗೆ ಪೂರ್ತಿ ಶಿಫ್ಟ್‌ಗೆ ಸಿಗುತ್ತೆ. ಯಾವುದು ಅಂತ ನಿಮ್ಮಲ್ಲಿನ ಕಾನೂನು ಅಥವಾ ಒಪ್ಪಂದ ಹೇಳಬೇಕು, ಫಾರ್ಮುಲಾ ಹೇಳಲ್ಲ. ನಾನು ಎಚ್ಚರಿಸೋದು ಒಂದನ್ನೇ, ಎರಡನ್ನೂ ಬೆರೆಸಬೇಡಿ. ಹಾಜರಿ ಒಂದು ಪದ್ಧತಿಯಲ್ಲಿ, ಸಂಬಳ ಇನ್ನೊಂದರಲ್ಲಿ ಇದ್ದರೆ ತಿಂಗಳ ಕೊನೆಯ ರಾತ್ರಿಯ ಶಿಫ್ಟ್ ಎರಡು ತಿಂಗಳಲ್ಲೂ ಲೆಕ್ಕಕ್ಕೆ ಬರುತ್ತೆ, ಇಲ್ಲಾ ಎರಡರಲ್ಲೂ ಬರಲ್ಲ. ಪರೀಕ್ಷೆ ಮಾಡಬೇಕು ಅಂದ್ರೆ 31ನೇ ತಾರೀಖು ರಾತ್ರಿ ಬಂದ ಒಬ್ಬರನ್ನು ಹಿಡಿದು ಎರಡೂ ತಿಂಗಳ ಪಟ್ಟಿಯಲ್ಲಿ ಅವರ ಆ ರಾತ್ರಿ ಎಲ್ಲಿದೆ ಅಂತ ಹುಡುಕಿ.

ಕೊನೆಯದಾಗಿ, ತಾರೀಖು ಬರೆದರೂ ಸಾಲದ ಒಂದು ಸಂದರ್ಭ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಮುಂದೆ, ಒಂದು ಗಂಟೆ ಹಿಂದೆ ತಿರುಗಿಸ್ತಾರೆ, ಅದೂ ಸಾಮಾನ್ಯವಾಗಿ ರಾತ್ರಿಯಲ್ಲೇ. ಹಗಲಿನವರಿಗೆ ಇದು ತಟ್ಟಲ್ಲ, ನೈಟ್ ಶಿಫ್ಟ್‌ನವರು ಕೆಲಸದ ಮಧ್ಯೆ ಇರ್ತಾರೆ. ಗಡಿಯಾರ ಎರಡರಿಂದ ಮೂರಕ್ಕೆ ಹಾರಿದ ರಾತ್ರಿ 22:00ರಿಂದ 6:00ರ ತನಕ ದುಡಿದದ್ದು ಏಳೇ ಗಂಟೆ. ಎರಡರಿಂದ ಒಂದಕ್ಕೆ ವಾಪಸ್ ಬಂದ ರಾತ್ರಿ ಒಂಬತ್ತು. ಶೀಟ್ ಎರಡಕ್ಕೂ ಎಂಟು ಅನ್ನುತ್ತೆ. ಅದೂ ಅಲ್ಲದೆ ಆ ಎರಡನೇ ರಾತ್ರಿಯಲ್ಲಿ 1:30 ಅನ್ನೋ ಸಮಯ ಎರಡು ಸಲ ಬರುತ್ತೆ. ಯಾರಾದರೂ 1:30ಕ್ಕೆ ಹೊರಗೆ ಹೋದರು ಅಂತ ಇದ್ದರೆ ಅದು ಯಾವ 1:30 ಅಂತ ಆ ಅಂಕಿಯಿಂದ ಗೊತ್ತಾಗಲ್ಲ. ಅಂಥ ಕಡೆ ಪ್ರತಿ ಪಂಚ್ ಜೊತೆ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಅಂತಲೂ ಇರಬೇಕು. ಬಂದದ್ದು 22:00, ಯುಟಿಸಿಗಿಂತ ನಾಲ್ಕು ಗಂಟೆ ಹಿಂದೆ, ಅಂದ್ರೆ ಯುಟಿಸಿಯಲ್ಲಿ ಮರುದಿನದ 2:00. ಹೋದದ್ದು 6:00, ಈಗ ಐದು ಗಂಟೆ ಹಿಂದೆ, ಅಂದ್ರೆ ಅದೇ ದಿನದ 11:00. 11ರಲ್ಲಿ 2 ಹೋದರೆ 9 ಗಂಟೆ, ಅವರು ದುಡಿದದ್ದೂ ಅಷ್ಟೇ.